ಸ್ಟಾಪ್‌ಲಾಸ್ ಹಾಕಿದರೆ ನಷ್ಟ ಇಷ್ಟೇ ಅನ್ನೋದು ಸುಳ್ಳು

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯ ಹುಡುಗರ ಮೊಬೈಲಿನಲ್ಲಿ ಈಗ ಆಪ್ಷನ್ ಪಾಠ ಓಡುತ್ತಿದೆ. ಪಾಠ ಹೇಳುವವರ ಮಾತು ಒಂದೇ: ‘ಸ್ಟಾಪ್‌ಲಾಸ್ ಹಾಕಿರಿ, ನಷ್ಟ ನಾಲ್ಕು ಸಾವಿರ ದಾಟೋದಿಲ್ಲ.’ ದಾಟುತ್ತದೆ. ಹೇಗೆಂದು ನೋಡಿ.

ಸಂತೆಯಲ್ಲಿ ಒಂದು ಎಮ್ಮೆಗೆ ಮಾಲೀಕ 60 ಸಾವಿರ ಕೇಳುತ್ತಾನೆ, ಕೊಳ್ಳುವವ 40 ಸಾವಿರ ಅನ್ನುತ್ತಾನೆ. ನಡುವಿನ ಆ ಅಂತರವೇ ಸ್ಪ್ರೆಡ್. ಹೆಚ್ಚು ವ್ಯವಹಾರ ಇಲ್ಲದ ಷೇರುಗಳ ಆಪ್ಷನ್‌ನಲ್ಲಿ ಈ ಅಂತರ ದೊಡ್ಡದು.

ಒಂದು ಲೆಕ್ಕ ಮಾಡೋಣ. ಒಂದು ಕಾಲ್ ಆಪ್ಷನ್‌ಗೆ ಮಾರುವವರು ಕೇಳುವ ದರ 44 ರೂಪಾಯಿ, ಕೊಳ್ಳುವವರು ಕೊಡುವ ದರ 32. ಲಾಟ್ 500. ನೀವು 44ಕ್ಕೆ ಕೊಂಡು, 36ಕ್ಕೆ ಟ್ರಿಗರ್, 30ಕ್ಕೆ ಲಿಮಿಟ್ ಇಟ್ಟಿರಿ. ಎಂಟು ರೂಪಾಯಿ ಹೋದರೂ ನಾಲ್ಕು ಸಾವಿರವೇ ತಾನೆ ಎಂಬ ಧೈರ್ಯ ನಿಮ್ಮದು.

ಅಷ್ಟರಲ್ಲಿ ರೊಕ್ಕದ ಅವಸರವಿದ್ದ ಯಾರೋ ಒಬ್ಬ ತನ್ನ ಲಾಟನ್ನು 32ಕ್ಕೆ ಮಾರಿಬಿಡುತ್ತಾನೆ. ಟ್ರಿಗರ್ ನೋಡುವುದು ಕೊನೆಯ ವ್ಯವಹಾರದ ದರವನ್ನು ಮಾತ್ರ. 32 ಕಂಡದ್ದೇ ನಿಮ್ಮ ಆರ್ಡರ್ ಎಚ್ಚರಾಗುತ್ತದೆ. 32ಕ್ಕೆ ಕೊಳ್ಳುವವ ಆಗಲೇ ಹೋಗಿದ್ದಾನೆ, ಮುಂದಿನವನ ದರ 30. ನಿಮ್ಮದು 30ಕ್ಕೆ ಹೋಯಿತು. ನಷ್ಟ ಏಳು ಸಾವಿರ. ಷೇರಿನ ದರ ಮಾತ್ರ ಒಂದು ಪೈಸೆಯೂ ಅಲುಗಿಲ್ಲ. ಮರುಗಳಿಗೆ ಇನ್ನೊಬ್ಬ 44ಕ್ಕೆ ಕೊಳ್ಳುತ್ತಾನೆ.

ಲಿಮಿಟ್ 35ಕ್ಕೆ ಇಟ್ಟಿದ್ದರೆ? ಆ ದರಕ್ಕೆ ಕೊಳ್ಳುವವರೇ ಇಲ್ಲ. ಆರ್ಡರ್ ನೇತಾಡುತ್ತದೆ, ದರ ನಿಜವಾಗಿ ಕುಸಿದರೆ ನೀವು ಒಳಗೇ ಉಳಿಯುತ್ತೀರಿ.

ಇದು ವಿನಿಮಯ ಕೇಂದ್ರಗಳಿಗೂ ಗೊತ್ತು. ಸಿಕ್ಕ ದರಕ್ಕೆ ಮಾರಿಬಿಡುವ ಸ್ಟಾಪ್‌ಲಾಸ್ ಮಾರ್ಕೆಟ್ ಆರ್ಡರನ್ನು ಆಪ್ಷನ್‌ಗಳಿಗೆ ಎನ್‌ಎಸ್‌ಇ 2021ರ ಸೆಪ್ಟೆಂಬರ್‌ನಲ್ಲೇ ನಿಲ್ಲಿಸಿತು. ಲಿಮಿಟ್ ಇರುವ ಸ್ಟಾಪ್‌ಲಾಸ್ ಉಳಿಯಿತು. ಅದರಿಂದ ಹುಚ್ಚು ದರಕ್ಕೆ ಮಾರಾಟವಾಗುವುದು ತಪ್ಪಿತು, ಸ್ಪ್ರೆಡ್ ಕಡಿಮೆಯಾಗಲಿಲ್ಲ.

‘ಶಿಸ್ತಿಗಾದರೂ ಸ್ಟಾಪ್‌ಲಾಸ್ ಬೇಕಲ್ಲ’ ಅನ್ನುವವರಿದ್ದಾರೆ. ಶಿಸ್ತು ಬೇಕು, ಆದರೆ ಅದು ಕೊಳ್ಳುವ ಮುಂಚೆಯೇ ಬೇಕು. ಆ್ಯಪ್‌ನಲ್ಲಿ ಮಾರ್ಕೆಟ್ ಡೆಪ್ತ್ ತೆರೆದು ಎರಡೂ ಕಡೆಯ ಮೊದಲ ದರ ನೋಡಿ. ಮೇಲಿನ ಲೆಕ್ಕದಲ್ಲಿ ಸ್ಪ್ರೆಡ್ 12, ಸ್ಟಾಪ್‌ನ ದೂರ ಬರೀ 8. ಕೊಂಡ ಗಳಿಗೆಯಲ್ಲೇ ಮಾರುವ ದರ ನಿಮ್ಮ ಟ್ರಿಗರ್‌ಗಿಂತ ಕೆಳಗಿತ್ತು. ಇಂಥದ್ದನ್ನು ಮುಟ್ಟಲೇಬೇಡಿ. ಈಗಾಗಲೇ ಸಿಕ್ಕಿಕೊಂಡಿದ್ದರೆ ಆಪ್ಷನ್ ದರಕ್ಕಲ್ಲ, ಷೇರಿನ ದರಕ್ಕೆ ಅಲರ್ಟ್ ಇಡಿ. ಅದು ಬಂದಾಗ ಡೆಪ್ತ್ ನೋಡಿಯೇ ಲಿಮಿಟ್ ಹಾಕಿ ಹೊರಬನ್ನಿ.

ಇಷ್ಟನ್ನೂ ಹೇಳದೆ ‘ನಷ್ಟ ಇಷ್ಟೇ’ ಎಂದು ಫೀಸು ಎಣಿಸಿಕೊಳ್ಳುವವರಿಗೆ ನಮ್ಮ ಪ್ರಶ್ನೆ ಒಂದೇ: ನಿಮ್ಮ ವಿಡಿಯೋದಲ್ಲಿ ಡೆಪ್ತ್ ಯಾಕೆ ಕಾಣುವುದಿಲ್ಲ?