ಬಾನೆಟ್ ದೀಪವನ್ನು ಎಷ್ಟು ನಂಬಬಹುದು?

ಸಾಮಾನ್ಯವಾಗಿ ಕಾರಿನ ಬಾನೆಟ್‌ಗೆ ಎರಡು ಹಿಡಿತಗಳಿರುತ್ತವೆ. ಒಂದು ಮುಖ್ಯ ಲಾಕ್, ಇನ್ನೊಂದು ಸುರಕ್ಷತಾ ಕೊಕ್ಕೆ. ಡ್ಯಾಶ್‌ಬೋರ್ಡ್ ಕೆಳಗಿನ ಲಿವರ್ ಎಳೆದರೆ ಬಿಟ್ಟುಕೊಳ್ಳುವುದು ಮುಖ್ಯ ಲಾಕ್ ಮಾತ್ರ. ಬಾನೆಟ್ ಒಂದೆರಡು ಬೆರಳಿನಷ್ಟು ಮೇಲೆದ್ದು ಕೊಕ್ಕೆಗೆ ಸಿಕ್ಕಿ ನಿಲ್ಲುತ್ತದೆ. ಕೊಕ್ಕೆಯನ್ನು ಹೊರಗಿನಿಂದ ಬೆರಳು ತೂರಿಸಿ ಬಿಡಿಸಬೇಕು.

ವೈಪರ್‌ಗೆ ನೀರು ತುಂಬಿಸಿ ಬಾನೆಟ್ಟನ್ನು ಮೆಲ್ಲಗೆ ಇಳಿಸಿ ಅಂಗೈಯಿಂದ ಒತ್ತಿಬಿಟ್ಟರು ಎಂದುಕೊಳ್ಳೋಣ. ಅದು ಮುಚ್ಚಿದಂತೆಯೇ ಕಾಣುತ್ತದೆ, ಹಿಡಿದಿರುವುದು ಕೊಕ್ಕೆ ಮಾತ್ರ. ಊರೊಳಗೆ ಏನೂ ಆಗುವುದಿಲ್ಲ. ಆದರೆ ಗಾಳಿಯ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ: 40 ಕಿ.ಮೀ. ವೇಗದಲ್ಲಿರುವುದಕ್ಕಿಂತ 100ರಲ್ಲಿ ಅದು ಆರು ಪಟ್ಟಿಗೂ ಹೆಚ್ಚು. ಬಾನೆಟ್‌ನ ಕೀಲು ಗಾಜಿನ ಕಡೆ ಇರುವುದರಿಂದ ಮುಂದಿನ ಸಂದಿಯಲ್ಲಿ ನುಗ್ಗಿದ ಗಾಳಿ ಅದನ್ನು ಎತ್ತುತ್ತದೆ. ಕೊಕ್ಕೆ ತುಕ್ಕು ಹಿಡಿದೋ ಸಣ್ಣ ಅಪಘಾತದಲ್ಲಿ ಬಾಗಿಯೋ ಇದ್ದರೆ, ಬಾನೆಟ್ ಹಾರಿ ಗಾಜಿಗೆ ಬಡಿದು ಚಾಲಕನಿಗೆ ರಸ್ತೆಯೇ ಕಾಣದಂತಾಗುತ್ತದೆ.

ಇದನ್ನು ಮೊದಲೇ ಹೇಳಲೆಂದೇ ಮೀಟರಿನಲ್ಲಿ ಬಾನೆಟ್ ತೆರೆದ ಕಾರಿನ ಚಿತ್ರ ಬೆಳಗುತ್ತದೆ. ಲಾಕ್ ಬಳಿಯ ಪುಟ್ಟ ಸ್ವಿಚ್ ಅದನ್ನು ಬೆಳಗಿಸುವುದು. ಎಂದರೆ ದೀಪಕ್ಕೆ ಗೊತ್ತಿರುವುದು ಸ್ವಿಚ್ಚಿನ ಸ್ಥಿತಿ; ಲಾಕಿನ ಬಿಗಿ ಅದಕ್ಕೆ ಗೊತ್ತಿಲ್ಲ. ಧೂಳು, ನೀರು ಸೇರಿ ಸ್ವಿಚ್ ಕೆಟ್ಟರೆ ಮುಚ್ಚಿದ್ದರೂ ದೀಪ ಉರಿಯಬಹುದು. ಅಪಾಯವಿರುವುದು ಇದರ ತಿರುವುಮುರುವಿನಲ್ಲಿ. 2024ರ ಜುಲೈನಲ್ಲಿ ಅಮೆರಿಕದಲ್ಲಿ ಟೆಸ್ಲಾ ಸುಮಾರು 18.5 ಲಕ್ಷ ಕಾರುಗಳಿಗೆ ರಿಕಾಲ್ ಘೋಷಿಸಿದ್ದು ಇದೇ ಕಾರಣಕ್ಕೆ: ಬಾನೆಟ್ ಸರಿಯಾಗಿ ಕೂರದಿದ್ದರೂ ಅದನ್ನು ಗುರುತಿಸಲು ಲಾಕಿನ ಸ್ವಿಚ್ ವಿಫಲವಾಗಬಹುದಾಗಿತ್ತು. ಎಷ್ಟೋ ಕಾರುಗಳಲ್ಲಿ ಬಾನೆಟ್‌ಗೆ ಈ ಸ್ವಿಚ್ಚೇ ಇರುವುದಿಲ್ಲ. ಹಾಗಾಗಿ ಉರಿಯುವ ದೀಪವನ್ನು ನಂಬಿ ಗಾಡಿ ನಿಲ್ಲಿಸಬೇಕು. ಉರಿಯದ ದೀಪವನ್ನು ನಂಬಿ ಹೊರಡಬಾರದು.

ಖಾತ್ರಿ ಮಾಡಿಕೊಳ್ಳಲು ಕೈಯೇ ಸಾಕು. ಬಾನೆಟ್ಟನ್ನು ಸುಮಾರು ಒಂದು ಗೇಣು ಎತ್ತರದಿಂದ ಬಿಟ್ಟು, ಮುಂದಿನ ಅಂಚನ್ನು ಹಿಡಿದು ಮೇಲಕ್ಕೆ ಎಳೆದು ನೋಡಬೇಕು. ಅಲುಗಾಡಿದರೆ, ಎರಡೂ ಬದಿಯ ಸಂದಿ ಸಮನಾಗಿಲ್ಲದಿದ್ದರೆ ಲಾಕ್ ಕೂತಿಲ್ಲ. ಲಿವರ್ ಎಳೆದ ಮೇಲೆ ಕೊಕ್ಕೆ ಬಿಡಿಸದೆಯೇ ಬಾನೆಟ್ ಪೂರ್ತಿ ಮೇಲೆ ಬಂದರೆ ಕೊಕ್ಕೆ ಕೆಟ್ಟಿದೆ ಎಂದರ್ಥ. ಆ ಗಾಡಿ ನೇರ ಗ್ಯಾರೇಜಿಗೆ ಹೋಗಬೇಕು.

ಡಿಕ್ಕಿ ತೆರೆದಿದೆ ಎಂದು ಹೇಳುವ ದೀಪವನ್ನು ಜನ ಇನ್ನೂ ಹಗುರವಾಗಿ ಕಾಣುತ್ತಾರೆ. ಸಾಮಾನು ಬೀಳುವುದೊಂದೇ ಅಲ್ಲ, ಓಡುವ ಕಾರಿನ ಹಿಂದೆ ಗಾಳಿಯ ಒತ್ತಡ ಕಡಿಮೆಯಿದ್ದು ಸೈಲೆನ್ಸರ್ ಹೊಗೆ ಅಲ್ಲೇ ಸುಳಿಯುತ್ತದೆ. ಹ್ಯಾಚ್‌ಬ್ಯಾಕ್‌ನ ಡಿಕ್ಕಿ ತೆರೆದಿದ್ದರೆ ಅದು ಒಳಗೆ ಬರುತ್ತದೆ. ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ. ಹಿಂದಿನ ಸೀಟಿನ ಮಗು ತಲೆನೋವು ಎಂದರೆ ಪ್ರಯಾಣದ ಆಯಾಸ ಎಂದುಕೊಳ್ಳುವುದು ಸುಲಭ.

ಮತ್ತೆ ಬಾನೆಟ್ ವಿಷಯಕ್ಕೆ ಬಂದರೆ, ಓಡುವಾಗ ಅದು ನಡುಗುವುದು ಕಂಡರೆ ಆಕ್ಸಿಲರೇಟರ್ ಬಿಟ್ಟು, ನಿಧಾನವಾಗಿ ಎಡಕ್ಕೆ ಬಂದು ನಿಲ್ಲಬೇಕು. ಹಾರಿಯೇ ಬಿಟ್ಟರೆ ಗಕ್ಕನೆ ಬ್ರೇಕ್ ಒತ್ತದೆ, ಸ್ಟಿಯರಿಂಗ್ ನೇರವಾಗಿ ಹಿಡಿದು, ಹಜಾರ್ಡ್ ದೀಪ ಹಾಕಿ, ಬಾನೆಟ್‌ನ ಕೆಳಸಂದಿಯಿಂದಲೋ ಪಕ್ಕದ ಕಿಟಕಿಯಿಂದಲೋ ರಸ್ತೆ ನೋಡುತ್ತ ವೇಗ ಇಳಿಸಬೇಕು.