ಫ್ಯಾನ್ ನಿಂತ ಮೇಲೆ 36 ಫ್ರೇಮ್ (ಕಟ್ ಕಥೆ, ಭಾಗ 4)

ಹೋದ ಭಾಗ ಓದಿದವರಲ್ಲಿ ಅರ್ಧ ಜನ ಕೇಳಿದ್ದು ಒಂದೇ ಮಾತು: "ಮ್ಯಾಚ್ ಕಟ್ ಹೇಗೆ ಮಾಡೋದು ಹೇಳು ಗುರು." ಹೇಳ್ತೀನಿ. ಆದರೆ ಮೊದಲೇ ಒಂದು ತಕರಾರು ಇದೆ. ಮ್ಯಾಚ್ ಕಟ್‌ಗೆ ನಾವು ಪಡೋ ಕಷ್ಟದಲ್ಲಿ ಕಾಲು ಭಾಗಾನೂ ಹೋಲ್ಡ್‌ಗೆ ಪಡ್ತಿಲ್ಲ. ಅದಕ್ಕೇ ನಮ್ಮ ಫಿಲ್ಮ್‌ಗಳು ಚುರುಕಾಗಿರುತ್ತವೆ, ಮನಸ್ಸಲ್ಲಿ ಉಳಿಯಲ್ಲ.

ನನ್ನದೇ ಶಾರ್ಟ್ ತಗೊಳ್ಳಿ, ಸ್ಲೈಡ್ 2ರಲ್ಲಿದೆ. ಪೀಣ್ಯದ ಒಂದು ಶೆಡ್. ಲೇತ್ ಮೇಲೆ ಮೂರು ಹಲ್ಲಿನ ಚಕ್ ತಿರುಗ್ತಿದೆ. ಕಟ್. ಅದೇ ಜಾಗದಲ್ಲಿ ಮೂರು ರೆಕ್ಕೆಯ ಸೀಲಿಂಗ್ ಫ್ಯಾನ್. ಕೆಳಗೆ ನೈಟ್ ಶಿಫ್ಟ್ ಮುಗಿಸಿ ಬಂದ ಅಣ್ಣ ಮಲಗಿದ್ದಾರೆ. ದೇಹ ರೂಮಿಗೆ ಬಂದಿದೆ, ತಲೆ ಇನ್ನೂ ಶೆಡ್ಡಲ್ಲೇ ಇದೆ. ಇದನ್ನ ಡೈಲಾಗ್ ಇಲ್ಲದೆ ಹೇಳೋಕೆ ಮ್ಯಾಚ್ ಕಟ್ ಬೇಕಾಯ್ತು.

ಮೊದಲನೇ ಸಲ ಪೂರ್ತಿ ಎಡವಟ್ಟಾಯ್ತು. ಚಕ್ ನಿಮಿಷಕ್ಕೆ 480 ಸುತ್ತು ತಿರುಗುತ್ತೆ ಅಂತ ಲೆಕ್ಕ ಹಾಕಿ ಅದೇ ಸ್ಪೀಡಲ್ಲಿ ಅನಿಮೇಟ್ ಮಾಡಿದೆ. ಪ್ಲೇ ಮಾಡಿದರೆ ಚಕ್ ನಿಂತೇ ಇದೆ! ಯಾಕೆ ನೋಡಿ: ಸೆಕೆಂಡಿಗೆ 8 ಸುತ್ತು, 24 ಫ್ರೇಮ್. ಅಂದರೆ ಒಂದು ಫ್ರೇಮಿಗೆ 120 ಡಿಗ್ರಿ. ಹಲ್ಲುಗಳ ನಡುವಿನ ಅಂತರಾನೂ 120 ಡಿಗ್ರಿನೇ. ಒಂದು ಹಲ್ಲು ಇದ್ದ ಜಾಗಕ್ಕೆ ಪ್ರತಿ ಸಲ ಇನ್ನೊಂದು ಹಲ್ಲು ಬಂದು ಕೂರುತ್ತೆ, ಕಣ್ಣಿಗೆ ಚಲನೆನೇ ಸಿಗಲ್ಲ. 60 ಡಿಗ್ರಿ ದಾಟಿದರೂ ಸಾಕು, ಹಿಂದಕ್ಕೆ ತಿರುಗಿದ ಹಾಗೆ ಕಾಣೋಕೆ ಶುರುವಾಗುತ್ತೆ. ಕೊನೆಗೆ ಎರಡೂ ಶಾಟಲ್ಲಿ ಫ್ರೇಮಿಗೆ 20 ಡಿಗ್ರಿ ಇಟ್ಟು, ಸ್ಪೀಡ್ ತೋರಿಸೋಕೆ ಅಂಚಲ್ಲಿ ಗೆರೆ ಎಳೆದೆ.

ಆಮೇಲೂ ಕಟ್ ಹತ್ತಿರ ಒಂದು ಸಣ್ಣ ಬಿಕ್ಕಳಿಕೆ. ಆಕಾರ, ಸೈಜು, ಜಾಗ ಎಲ್ಲಾ ಸರಿ ಇದೆ. ತಪ್ಪು ಎಲ್ಲಿತ್ತು ಅಂದರೆ, ಚಕ್‌ನ ಕೊನೇ ಫ್ರೇಮಲ್ಲಿ ಹಲ್ಲು 100 ಡಿಗ್ರಿಯಲ್ಲಿತ್ತು, ಫ್ಯಾನಿನ ಮೊದಲ ಫ್ರೇಮನ್ನೂ ನಾನು 100ಕ್ಕೇ ಇಟ್ಟಿದ್ದೆ. ಕಣ್ಣು ಆಗಲೇ 120ಕ್ಕೆ ಕಾಯ್ತಿರುತ್ತೆ. 120 ಮಾಡಿದ ತಕ್ಷಣ ಕಟ್ ಕರಗಿಹೋಯ್ತು. ಚಿತ್ರಕ್ಕೆ ಚಿತ್ರ ಹೊಂದಿಸಿದರೆ ಸಾಲಲ್ಲ ಕಣ್ರೋ, ಚಲನೆಯ ಮುಂದಿನ ಹೆಜ್ಜೆ ಹೊಂದಬೇಕು. ತಿರುಗೋ ದಿಕ್ಕೂ ಅಷ್ಟೇ. ಸತೋಶಿ ಕೊನ್ ಅವರ 'ಮಿಲೆನಿಯಮ್ ಆಕ್ಟ್ರೆಸ್' (2001) ನೋಡಿ. ನಾಯಕಿ ಓಡ್ತಾನೇ ಇರ್ತಾಳೆ, ಸುತ್ತಲಿನ ಕಾಲ ಬದಲಾಗುತ್ತೆ, ಓಟ ಮಾತ್ರ ಮುರಿಯಲ್ಲ.

ಈಗ ನನ್ನ ತಕರಾರಿಗೆ ಬರ್ತೀನಿ. ಕಥೆ ಮುಂದೆ ಹೀಗಿದೆ: ಕರೆಂಟ್ ಹೋಗುತ್ತೆ. ಫ್ಯಾನ್ ನಿಧಾನವಾಗಿ ನಿಲ್ಲುತ್ತೆ. ಮೌನ. ಆಮೇಲೆ ಒಮ್ಮೆಲೇ 'ಢಣ್', ಪವರ್ ಪ್ರೆಸ್, ಮತ್ತೆ ಶೆಡ್. ಇದು ಸ್ಮ್ಯಾಶ್ ಕಟ್. ಮೊದಲ ಎಡಿಟಲ್ಲಿ ಮೌನಕ್ಕೆ 12 ಫ್ರೇಮ್, ಅಂದರೆ ಅರ್ಧ ಸೆಕೆಂಡ್ ಕೊಟ್ಟಿದ್ದೆ. ರೂಮ್‌ಮೇಟ್‌ಗೆ ತೋರಿಸಿದರೆ, "ಕರೆಂಟ್ ಯಾವಾಗ ಹೋಯ್ತು?" ಅಂದ. ಫ್ಯಾನ್ ನಿಂತಿದ್ದು ಅವನ ತಲೆಗೆ ಇಳಿಯೋ ಮೊದಲೇ ಪ್ರೆಸ್ ಬಿದ್ದಿತ್ತು. ನೆಮ್ಮದಿ ಕೊಡದೇ ಇದ್ದಮೇಲೆ ಕಿತ್ತುಕೊಳ್ಳೋದು ಏನನ್ನ?

36 ಫ್ರೇಮ್ ಮಾಡಿದೆ. ಆಗ ಇನ್ನೊಂದು ತೊಂದರೆ. ಚಿತ್ರ ಪೂರ್ತಿ ಅಲ್ಲಾಡದೆ ನಿಂತರೆ ಫೋನಲ್ಲಿ ನೋಡೋರು ನೆಟ್ ಹೋಯ್ತು ಅಂದ್ಕೋತಾರೆ! ಅದಕ್ಕೆ 14ನೇ ಫ್ರೇಮಲ್ಲಿ ಅಣ್ಣ ಒಂದು ಸಲ ಕಣ್ಣು ಮಿಟುಕಿಸ್ತಾರೆ, 6 ಫ್ರೇಮಲ್ಲಿ ಮುಗಿಯುತ್ತೆ. ಅಷ್ಟೇ. ಖರ್ಚು ಲೆಕ್ಕ ಹಾಕಿ: ಒಂದೂವರೆ ಸೆಕೆಂಡಿಗೆ ಮೂರೇ ಡ್ರಾಯಿಂಗ್. ಇಡೀ ಫಿಲ್ಮಲ್ಲಿ ಇದಕ್ಕಿಂತ ಅಗ್ಗದ ಶಾಟ್ ಇಲ್ಲ, ಆದರೂ ಕತ್ತರಿ ಹಿಡಿದಾಗ ನಾವು ಮೊದಲು ಕತ್ತರಿಸೋದು ಇದನ್ನೇ. "ರೀಲ್ಸ್ ಕಾಲ, ಜನ ಸ್ಕ್ರೋಲ್ ಮಾಡ್ತಾರೆ" ಅನ್ನೋ ಭಯ. ಏನೂ ಆಗದ ಶಾಟಲ್ಲಿ ಸ್ಕ್ರೋಲ್ ಮಾಡ್ತಾರೆ, ಒಪ್ಪಿದೆ. ಆದರೆ ಈಗ ಏನೋ ಆಗುತ್ತೆ ಅನ್ನಿಸೋ ಹೋಲ್ಡಲ್ಲಿ ಬೆರಳು ನಿಲ್ಲುತ್ತೆ.

ಪ್ರೆಸ್ ಶಾಟಲ್ಲೂ ಒಂದು ವಿಷಯ ಇದೆ. ನಾನು ಮೊದಲು ಮೇಲಿಂದ ಇಳಿಯೋ ಪ್ರೆಸ್ ತೋರಿಸಿದ್ದೆ. ಇಳಿಯೋದು ಕಂಡರೆ ನೋಡುಗ ತಯಾರಾಗ್ತಾನೆ, ಬೆಚ್ಚಿಬೀಳಲ್ಲ. ಹಾಗಾಗಿ ಶಾಟಿನ ಮೊದಲ ಫ್ರೇಮಲ್ಲೇ ಪ್ರೆಸ್ ತಗಡಿಗೆ ತಾಕಿರಬೇಕು, ಸದ್ದೂ ಅದೇ ಫ್ರೇಮಿಂದ. ರೂಮಿನ ಮೌನವನ್ನ ನಿಧಾನಕ್ಕೆ ಫೇಡ್ ಮಾಡ್ಬೇಡಿ, ಕತ್ತರಿಸಿ. ಇಂಥದ್ದು ಒಂದು ನಿಮಿಷದ ಫಿಲ್ಮಲ್ಲಿ ಒಂದೇ ಇರಲಿ. ಎರಡನೇದು ಬರೋ ಹೊತ್ತಿಗೆ ಪ್ರತಿ ಮೌನದಲ್ಲೂ ಜನ ಕಿವಿ ಮುಚ್ಚಿಕೊಂಡು ಕೂತಿರ್ತಾರೆ.

ಸ್ಲೈಡ್ 5ರಲ್ಲಿ 12 ಮತ್ತು 36, ಎರಡೂ ಎಡಿಟ್ ಹಾಕಿದ್ದೀನಿ. ಹೆಡ್‌ಫೋನ್ ಹಾಕ್ಕೊಂಡು ನೋಡಿ. ನಿಮಗೆ 24 ಫ್ರೇಮೇ ಸಾಕು ಅನ್ನಿಸಿದರೆ ಕಾಮೆಂಟಲ್ಲಿ ಜಗಳಕ್ಕೆ ಬನ್ನಿ, ನಾನು ರೆಡಿ.

#ಕಟ್‌ಕಥೆ #ಅನಿಮೇಷನ್‌ಕನ್ನಡ #ಪೀಣ್ಯ