ಡಜನ್ ಬಿಟ್ಟು ಭತ್ತದಿಂದ ಮೋಲ್

ಬೋಧನಾಭ್ಯಾಸಕ್ಕೆ ಹೋದ ನಮ್ಮಲ್ಲಿ ಬಹುತೇಕರು ಮೋಲ್ ಪಾಠವನ್ನು ಡಜನ್‌ನಿಂದಲೇ ಶುರು ಮಾಡುತ್ತೇವೆ. ಹನ್ನೆರಡು ಬಾಳೆಹಣ್ಣು ಒಂದು ಡಜನ್, 6.022 × 10²³ ಕಣ ಒಂದು ಮೋಲ್. ನನ್ನ ಪಾಠಯೋಜನೆಯಲ್ಲೂ ಹಾಗೇ ಇತ್ತು. ಈ ಉದಾಹರಣೆಯನ್ನು ಕೈಬಿಡಬೇಕು ಎಂಬುದು ಈಗ ನನ್ನ ಅಭಿಪ್ರಾಯ. ಅದು ತಪ್ಪೇನಲ್ಲ, ಆದರೆ ಅರ್ಧಕ್ಕೇ ನಿಲ್ಲುತ್ತದೆ. ಬಾಳೆಹಣ್ಣು ಎಷ್ಟು ಡಜನ್ ಇದೆ ಎಂದು ತಿಳಿಯಲು ಯಾರೂ ತೂಕ ಹಾಕುವುದಿಲ್ಲ, ಕೈಯಲ್ಲೇ ಎಣಿಸುತ್ತಾರೆ. ಮೋಲ್‌ನ ವಿಷಯದಲ್ಲಿ ನಾವು ಮಾಡುವುದೇ ತೂಕ. ಹಾಗಾಗಿ ಎಣಿಕೆಯ ಲೆಕ್ಕದಲ್ಲಿ ಗ್ರಾಂ ಯಾಕೆ ಬಂತು ಎಂಬ ಪ್ರಶ್ನೆಗೆ ಡಜನ್ ಉತ್ತರ ಕೊಡುವುದಿಲ್ಲ.

ಆ ಗೊಂದಲ ಉತ್ತರಗಳಲ್ಲಿ ಕಾಣುತ್ತದೆ. 17.1 ಗ್ರಾಂ ಸಕ್ಕರೆಯಲ್ಲಿ ಎಷ್ಟು ಅಣುಗಳಿವೆ ಎಂದು ಕೇಳಿದ್ದೆ. ಚುಂಚನಕಟ್ಟೆಯ ಸಕ್ಕರೆ ಕಾರ್ಖಾನೆ ನಮ್ಮ ಮಕ್ಕಳಿಗೆಲ್ಲ ಗೊತ್ತು, ಅದಕ್ಕೇ ಸಕ್ಕರೆ. ಹಲವರು 17.1ನ್ನು ನೇರವಾಗಿ 6.022 × 10²³ರಿಂದ ಗುಣಿಸಿದರು. ಒಬ್ಬ 17.1ನ್ನು 342ರಿಂದ ಗುಣಿಸಿ ಐದು ಸಾವಿರಕ್ಕೂ ಹೆಚ್ಚು ಮೋಲ್ ತಂದಿದ್ದ. ಮತ್ತೊಬ್ಬಳು ಭಾಗಿಸಿ 0.05 ಎಂದು ಸರಿಯಾಗಿ ತಂದು, '0.05 ಅಣು' ಎಂದು ಬರೆದಿದ್ದಳು. ಸೂತ್ರ ಎಲ್ಲರಿಗೂ ಬಾಯಿಪಾಠವಾಗಿತ್ತು.

ಮುಂದಿನ ಅವಧಿಗೆ ಭತ್ತ ಮತ್ತು 0.1 ಗ್ರಾಂವರೆಗೆ ತೋರಿಸುವ ತಕ್ಕಡಿ ಒಯ್ದೆ. ಐದು ಗುಂಪುಗಳು ತಲಾ 200 ಕಾಳು ಎಣಿಸಿದವು. ತೂಕ 4.7, 4.9, 4.8, 4.7, 4.9 ಗ್ರಾಂ ಬಂತು. ಒಟ್ಟು ಸಾವಿರ ಕಾಳಿಗೆ 24 ಗ್ರಾಂ. ಬಿತ್ತನೆ ಬೀಜದವರೂ ಸಾವಿರ ಕಾಳಿನ ತೂಕವನ್ನೇ ನೋಡುತ್ತಾರೆ. ಆಮೇಲೆ ಎಣಿಸದೆ ಒಂದು ಹಿಡಿ ಭತ್ತ ತೂಗಿದೆವು, 6 ಗ್ರಾಂ. 'ಇದರಲ್ಲಿ ಎಷ್ಟು ಸಾವಿರ ಇದೆ?' ಎಂದೆ. ಕಾಲು ಸಾವಿರ ಸಾರ್, 250 ಕಾಳು ಎಂದರು. ಗ್ರಾಂನಿಂದ ಸಾವಿರಕ್ಕೆ, ಸಾವಿರದಿಂದ ಕಾಳಿಗೆ ಎಂಬ ಎರಡು ಹೆಜ್ಜೆಗಳನ್ನು ನಾನು ಹೇಳಿಕೊಡಲೇ ಇಲ್ಲ. ನಂತರ ರಾಗಿ. ಅದರ ಸಾವಿರ ಕಾಳು ಸುಮಾರು 3 ಗ್ರಾಂ. ಹಾಗಾದರೆ 24 ಗ್ರಾಂ ರಾಗಿಯಲ್ಲಿ ಎಂಟು ಸಾವಿರ ಕಾಳು. ತೂಕ ಒಂದೇ ಇದ್ದರೂ ಎಣಿಕೆ ಬೇರೆ ಎಂಬುದು ಅಲ್ಲಿಗೆ ಕೂತಿತು. 56 ಗ್ರಾಂ ಕಬ್ಬಿಣ, 27 ಗ್ರಾಂ ಅಲ್ಯುಮಿನಿಯಂ, ಯಾವುದರಲ್ಲಿ ಪರಮಾಣು ಹೆಚ್ಚು ಎಂದು ಕೇಳಿದಾಗ ಹಿಂದಿನ ಬೆಂಚಿನಿಂದಲೇ 'ಎರಡೂ ಒಂದೊಂದು ಮೋಲ್' ಎಂದು ಬಂತು.

ಇಲ್ಲಿ ಒಂದು ಪದದ ತೊಡಕನ್ನೂ ಹೇಳಬೇಕು. ಕೃಷ್ಣರಾಜನಗರದ ಕಡೆಯ ಮಗುವಿಗೆ ರಾಶಿ ಎಂದರೆ ಕಣದಲ್ಲಿ ಹಾಕಿದ ಭತ್ತದ ಗುಡ್ಡೆ. ಕಣ ಎಂದರೂ ಒಕ್ಕುವ ಜಾಗವೇ! 'ಮೋಲಾರ್ ರಾಶಿ' ಎಂದಾಗ ಕೆಲವರು ಅದನ್ನು ಗುಡ್ಡೆಯಲ್ಲಿರುವ ಕಣಗಳ ಸಂಖ್ಯೆ ಎಂದುಕೊಂಡಿದ್ದರು. 'ಒಂದು ಮೋಲ್ ಗುಡ್ಡೆಯ ತೂಕ, ಗ್ರಾಂನಲ್ಲಿ' ಎಂದು ಬಿಡಿಸಿ ಹೇಳಿದ ಮೇಲೆ ಸರಿಹೋಯಿತು.

ಮತ್ತೆ ಸಕ್ಕರೆಗೆ ಬಂದೆವು. C₁₂H₂₂O₁₁ನ ಒಂದು ಮೋಲ್ 144 + 22 + 176, ಅಂದರೆ 342 ಗ್ರಾಂ. ಲೆಕ್ಕಕ್ಕೆ ಮೊದಲು, ನಮ್ಮ ಬಳಿ ಇರುವುದು ಒಂದು ಗುಡ್ಡೆಗಿಂತ ಹೆಚ್ಚೋ ಕಡಿಮೆಯೋ ಎಂದು ಕೇಳಿದೆ. ತುಂಬಾ ಕಡಿಮೆ. ಹಾಗಿದ್ದರೆ ಉತ್ತರ 6.022 × 10²³ಕ್ಕಿಂತ ಕಡಿಮೆಯೇ ಇರಬೇಕು. ನೇರವಾಗಿ ಗುಣಿಸಿದವರ ತಪ್ಪು ಅವರಿಗೇ ಕಂಡಿತು. 17.1ನ್ನು 342ರಿಂದ ಭಾಗಿಸಿದರೆ 0.05 ಮೋಲ್, ಅದನ್ನು 6.022 × 10²³ರಿಂದ ಗುಣಿಸಿದರೆ 3.011 × 10²² ಅಣುಗಳು. ಅಣುವಿನಲ್ಲಿ 12 ಕಾರ್ಬನ್ ಇರುವುದರಿಂದ ಕಾರ್ಬನ್ ಪರಮಾಣು 0.6 ಮೋಲ್. ಯಾವ ಕಣ ಎಂದು ಹೇಳದೆ ಮೋಲ್ ಎಂದರೆ ಮತ್ತೆ ತಪ್ಪು: 16 ಗ್ರಾಂ ಆಕ್ಸಿಜನ್ ಅನಿಲದಲ್ಲಿ ಪರಮಾಣು ಒಂದು ಮೋಲ್, O₂ ಅಣು ಅರ್ಧ ಮೋಲ್.

ಪಾಠ ವೀಕ್ಷಿಸಿದವರೊಬ್ಬರು, ಭತ್ತದ ಕಾಳುಗಳು ಒಂದೇ ಸಮ ಇರುವುದಿಲ್ಲ, ಹೋಲಿಕೆ ನಿಲ್ಲುವುದಿಲ್ಲ ಎಂದರು. ನನಗೆ ಅದೇ ಅನುಕೂಲ ಅನಿಸುತ್ತದೆ. ಕ್ಲೋರಿನ್‌ನ 35.5 ಕೂಡ ಸರಾಸರಿಯೇ. 35 ಮತ್ತು 37 ರಾಶಿಸಂಖ್ಯೆಯ ಪರಮಾಣುಗಳು ಸುಮಾರು ಮೂರಕ್ಕೊಂದರಂತೆ ಬೆರೆತಿವೆ, 35.5 ಇರುವ ಪರಮಾಣು ಒಂದೂ ಇಲ್ಲ. ಹೋಲಿಕೆ ನಿಜವಾಗಿ ಮುರಿಯುವುದು ಬೇರೆ ಕಡೆ. ಭತ್ತವನ್ನು ಮೊದಲು ಕೈಯಲ್ಲಿ ಎಣಿಸಿ ಸಾವಿರದ ತೂಕ ಕಂಡುಕೊಂಡೆವು, ಪರಮಾಣುವನ್ನು ಹಾಗೆ ಎಣಿಸಲಾಗದು. 'ಅಷ್ಟನ್ನು ಯಾರು ಎಣಿಸಿದರು ಸಾರ್?' ಎಂದು ಒಬ್ಬ ಕೇಳಿಯೇ ಬಿಟ್ಟ. ಶುದ್ಧ ಸಿಲಿಕಾನ್‌ನ ಸುಮಾರು ಒಂದು ಕಿಲೋ ಗೋಳದಲ್ಲಿ ಪರಮಾಣುಗಳ ನಡುವಿನ ಅಂತರವನ್ನು ಎಕ್ಸ್-ಕಿರಣದಿಂದ ಅಳೆದು ಲೆಕ್ಕ ಹಾಕಿದರು. 2019ರ ಮೇ 20ರಿಂದ 6.02214076 × 10²³ ಎಂದು ಆ ಸಂಖ್ಯೆಯನ್ನೇ ನಿಗದಿ ಮಾಡಲಾಗಿದೆ ಎಂದೆ. ಅವನು ತಲೆಯಾಡಿಸಿ, ನೆಲಕ್ಕೆ ಬಿದ್ದಿದ್ದ ಕಾಳುಗಳನ್ನು ಆರಿಸತೊಡಗಿದ.